ಗೆಳೆಯನ ಮನೆಗೆ ಮೊದಲ ಸಲ ಊಟಕ್ಕೆ ಹೋಗುವಾಗ

ಬೆಂಗಳೂರಿನ ಸ್ನೇಹಗಳು ಹೆಚ್ಚಾಗಿ ಮನೆಯ ಹೊರಗೇ ಬೆಳೆಯುತ್ತವೆ. ಆಫೀಸಿನ ಕ್ಯಾಂಟೀನು, ನಿಂತು ತಿನ್ನುವ ದರ್ಶಿನಿ, ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು. ವರ್ಷಗಟ್ಟಲೆ ಗೆಳೆತನ ಇರುತ್ತದೆ, ಆದರೆ ಒಬ್ಬರ ಮನೆ ಇನ್ನೊಬ್ಬರು ನೋಡಿರುವುದಿಲ್ಲ. ಹಾಗಿರುವಾಗ ಒಂದು ದಿನ "ಭಾನುವಾರ ಊಟಕ್ಕೆ ಮನೆಗೆ ಬಾರೋ, ಅಮ್ಮ ಕರೀತಿದಾರೆ" ಅಂದರೆ ಗಾಬರಿ ಆಗುವುದು ಸಹಜ. ಗೆಳೆಯ ಗೊತ್ತು, ಅವನ ಅಪ್ಪ ಅಮ್ಮ ಗೊತ್ತಿಲ್ಲ. ಅವರಿಗೆ ನಮ್ಮ ಬಗ್ಗೆ ಅಷ್ಟಿಷ್ಟು ಗೊತ್ತಿರುತ್ತದೆ. ಏನೇನು ಗೊತ್ತು ಅನ್ನುವುದು ಮಾತ್ರ ನಮಗೆ ಗೊತ್ತಿರುವುದಿಲ್ಲ.

ನನ್ನ ಅಕ್ಕನನ್ನು ಕೊಟ್ಟಿರುವುದು ಸಾಗರದ ಕಡೆಗೆ. ಅವಳ ಮಗ ಬಿಟಿಎಂನ ಪಿಜಿಯಲ್ಲಿದ್ದಾನೆ. ಒಂದು ಶನಿವಾರ ರಾತ್ರಿ ಅವನ ಫೋನು. "ಚಿಕ್ಕಮ್ಮ, ನಾಳೆ ಫ್ರೆಂಡ್ ಮನೇಲಿ ಊಟ. ತ್ಯಾಗರಾಜನಗರ. ಏನು ತಗೊಂಡು ಹೋಗ್ಲಿ? ಡ್ರೈಫ್ರೂಟ್ಸ್ ಬಾಕ್ಸ್ ನೋಡಿಟ್ಟಿದೀನಿ, ಸಾವಿರದ ಇನ್ನೂರು."

ಬೇಡ ಅಂದೆ. ಸಾವಿರದ ಇನ್ನೂರು ರೂಪಾಯಿಯ ಡಬ್ಬ ದೀಪಾವಳಿಗೆ ಸರಿ. ಮೊದಲ ಸಲ ಬಂದ ಹುಡುಗ ಅದನ್ನು ಕೈಗಿಟ್ಟರೆ ಆ ತಾಯಿಗೆ ಲೆಕ್ಕ ಶುರುವಾಗುತ್ತದೆ. ಇವನಿಗೆ ವಾಪಸ್ ಏನು ಕೊಡಬೇಕು, ಇಷ್ಟು ಖರ್ಚು ಮಾಡಿದ್ದಾನಲ್ಲ, ಇವನ ಮನೆಯಲ್ಲಿ ಗೊತ್ತಾ, ಏನಾದರೂ ಕೇಳುವುದಕ್ಕೆ ಬಂದಿದ್ದಾನಾ. ನನ್ನ ಪ್ರಕಾರ ಮೊದಲ ಸಲ ತೆಗೆದುಕೊಂಡು ಹೋಗುವ ವಸ್ತು ಆ ಮನೆಯವರಿಗೆ ಕೆಲಸ ಕೊಡಬಾರದು, ಯೋಚನೆಯನ್ನೂ ಕೊಡಬಾರದು. ಅವತ್ತು ಸಂಜೆಯೊಳಗೆ ಯಾರನ್ನೂ ಕೇಳದೆ ಬಳಸುವಂತಿರಬೇಕು. ಹಣ್ಣು, ಹೂವು ಇಷ್ಟು ವರ್ಷ ಉಳಿದುಕೊಂಡು ಬಂದಿರುವುದು ಇದೇ ಕಾರಣಕ್ಕೆ. ದೇವರ ಮುಂದೆ ಇಡಬಹುದು, ತಿನ್ನಬಹುದು, ಪಕ್ಕದ ಮನೆಗೆ ಕೊಡಬಹುದು, ಮನೆ ಕೆಲಸಕ್ಕೆ ಬರುವವರಿಗೆ ಕೊಡಬಹುದು. ಯಾರಿಗೂ ಮುಜುಗರ ಇಲ್ಲ.

ಏನಾದರೂ ಕೊಳ್ಳುವ ಮೊದಲು ಗೆಳೆಯನಿಗೆ ಮೂರು ಪ್ರಶ್ನೆ ಮೆಸೇಜ್ ಮಾಡು ಅಂತ ಹೇಳಿದೆ. ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯಾ? ನಾಳೆ ಯಾರದ್ದಾದರೂ ಉಪವಾಸ, ವ್ರತ ಇದೆಯಾ? ಮೂರನೆಯದು ಸ್ವಲ್ಪ ವಿಚಿತ್ರ ಅನ್ನಿಸಬಹುದು: ನಿಮ್ಮ ಮನೆಯಲ್ಲಿ ಗೊತ್ತಿಲ್ಲದೇ ಇರುವುದು ಏನೇನಿದೆ?

ಹತ್ತು ನಿಮಿಷದಲ್ಲಿ ಉತ್ತರ ಬಂತು. ಅಪ್ಪನಿಗೆ ಶುಗರ್. ವ್ರತ ಇಲ್ಲ. ಮೂರನೆಯದಕ್ಕೆ ಮೊದಲು ನಗುವ ಎಮೋಜಿ, ಆಮೇಲೆ "ಗೋಕರ್ಣಕ್ಕೆ ಹೋಗಿದ್ದು ಆಫೀಸ್ ಟ್ರೈನಿಂಗ್ ಅಂತ ಹೇಳಿದೀನಿ ಮಗಾ. ದಯವಿಟ್ಟು."

ನೋಡಿ, ಇದನ್ನು ಕೇಳದೇ ಹೋಗಿದ್ದರೆ? ನಮ್ಮ ಹುಡುಗ ಮಲೆನಾಡಿನವನು, ಜೋಗ, ಹೊನ್ನಾವರ, ಕರಾವಳಿ ಅಂತ ಮಾತು ಹೊರಟರೆ ಮುಂದಿನ ನಿಲ್ದಾಣ ಗೋಕರ್ಣವೇ. ಮೊದಲ ಭೇಟಿ ಕೆಡುವುದು ಚಪ್ಪಲಿ ಎಲ್ಲಿ ಬಿಟ್ಟ, ಕೈ ಹೇಗೆ ಮುಗಿದ ಅನ್ನುವುದರಿಂದ ಕಡಿಮೆ. ಗೆಳೆಯ ಮನೆಯಲ್ಲಿ ಮುಚ್ಚಿಟ್ಟಿದ್ದನ್ನು ಇವನು ನಗುನಗುತ್ತಾ ಬಿಚ್ಚಿಡುವುದರಿಂದ ಜಾಸ್ತಿ. ಸಂಬಳ ಎಷ್ಟು, ಕೆಲಸ ಬಿಡುವ ಯೋಚನೆ, ಹೊಸ ಬೈಕಿನ ಸಾಲ, ಯಾವ ಹುಡುಗಿ, ಯಾವ ಹುಡುಗ. ಇವುಗಳಲ್ಲಿ ಯಾವುದಾದರೂ ಒಂದು ಎಲ್ಲ ಮನೆಯಲ್ಲೂ ಇದ್ದೇ ಇರುತ್ತದೆ.

ಭಾನುವಾರ ಬೆಳಿಗ್ಗೆ ಅವನು ಗಾಂಧಿ ಬಜಾರಿಗೆ ಬಂದ. ನನ್ನ ಮನೆ ಹನುಮಂತನಗರದಲ್ಲಿ, ನಡೆದು ಹೋಗುವಷ್ಟು ಹತ್ತಿರ. ಏಲಕ್ಕಿ ಬಾಳೆ ಒಂದು ಚಿಪ್ಪು ತೆಗೆದುಕೊಂಡೆವು. ಪೂರ್ತಿ ಹಣ್ಣಾದದ್ದು ಬೇಡ ಅಂದೆ. ತೊಟ್ಟಿನ ಹತ್ತಿರ ಇನ್ನೂ ಸ್ವಲ್ಪ ಹಸಿರು ಇರಬೇಕು. ಕಳಿತ ಏಲಕ್ಕಿ ಬಸ್ಸಿನ ನೂಕುನುಗ್ಗಲಿಗೆ ತೊಟ್ಟಿನಿಂದ ಕಳಚಿ ಬೀಳುತ್ತದೆ, ಮನೆ ಮುಟ್ಟುವ ಹೊತ್ತಿಗೆ ಸಿಪ್ಪೆ ಕಪ್ಪಾಗಿರುತ್ತದೆ. ಹಸಿರು ತೊಟ್ಟಿನದ್ದು ಎರಡು ದಿನ ಇಟ್ಟುಕೊಂಡು ತಿನ್ನಬಹುದು. ಬಾಳೆಹಣ್ಣು ದೇವರಿಗೆ ಸರಿ, ಆದರೆ ಶುಗರ್ ಇರುವ ಅಪ್ಪ ಅದನ್ನು ನೋಡಿ ಸುಮ್ಮನಿರಬೇಕಾಗುತ್ತದಲ್ಲ. ಅದಕ್ಕೆ ಒಂದು ಕೆ.ಜಿ. ಸೀಬೆಹಣ್ಣು. ಗಟ್ಟಿಯಾಗಿರುವುದು, ಮೇಲೆ ಕಲೆ ಇಲ್ಲದ್ದು. ಸೀಬೆಹಣ್ಣನ್ನು ಶುಗರ್ ಇರುವವರು ಸಾಮಾನ್ಯವಾಗಿ ಹಿತಮಿತವಾಗಿ ತಿನ್ನುತ್ತಾರೆ. ಅಂಗಡಿಯವರ ಹತ್ತಿರ ಚೌಕಾಸಿಗೆ ಪುರುಸೊತ್ತು ಇಲ್ಲದವರಿಗೆ ಹಾಪ್‌ಕಾಮ್ಸ್ ಮಳಿಗೆ ಒಳ್ಳೆಯದು. ದರ ಬೋರ್ಡಿನ ಮೇಲೆ ಬರೆದಿರುತ್ತದೆ.

ಆಮೇಲೆ ಹೂವು. ಮಾರುವ ಅಮ್ಮ ಮಲ್ಲಿಗೆ ಮಾಲೆಯನ್ನು ಬೆರಳ ತುದಿಯಿಂದ ಮೊಣಕೈವರೆಗೆ ಎಳೆದು ಎರಡು ಮೊಳ ಅಳೆದಳು. ಕೊನೆಗೆ ಒಂದು ಗೇಣು ಜಾಸ್ತಿ ಬಿಟ್ಟು ಕತ್ತರಿಸಿ, ಬಾಳೆ ಎಲೆಯಲ್ಲಿ ಸುತ್ತಿ ದಾರ ಕಟ್ಟಿದಳು. ಇವನು ಪೊಟ್ಟಣ ಮೂಗಿನ ಹತ್ತಿರ ಒಯ್ಯುವಾಗ ಅವಳೇ ತಡೆದಳು. "ಮೂಸ್ಬೇಡ ಕಣಪ್ಪ, ದೇವ್ರಿಗೆ ಅಂದ್ಯಲ್ಲ." ಹೌದು, ಮೂಸಿದ ಹೂವನ್ನು ದೇವರಿಗೆ ಇಡುವುದಿಲ್ಲ. ಅದೇ ಚೀಲದಲ್ಲಿ ಬೇರೆ ಏನೂ ತುರುಕಬಾರದು, ಬಸ್ಸಿನಲ್ಲಿ ಕಾಲ ಬುಡದಲ್ಲೂ ಇಡಬಾರದು.

ಹೂವು ಕೊಡುವಾಗ "ದೇವರಿಗೆ" ಅಂತಲೇ ಹೇಳಬೇಕು. "ಆಂಟಿ, ನೀವು ಮುಡಿಯೋಕೆ" ಅನ್ನುವುದು ಪ್ರೀತಿಯ ಮಾತೇ. ಆದರೆ ಆ ಮನೆಯ ತಾಯಿ ಹೂವು ಮುಡಿಯುತ್ತಾರೋ ಇಲ್ಲವೋ ನಮಗೆ ಗೊತ್ತಿಲ್ಲ. ಗಂಡ ತೀರಿಕೊಂಡ ಮೇಲೆ ಹೂವು ಬಿಟ್ಟವರು ಈಗಲೂ ಎಷ್ಟೋ ಮನೆಗಳಲ್ಲಿದ್ದಾರೆ. ಮನೆಯಲ್ಲಿ ಅಜ್ಜಿ ಇರಬಹುದು. ದೇವರಿಗೆ ಅಂದರೆ ಆ ಪ್ರಶ್ನೆಯೇ ಏಳುವುದಿಲ್ಲ. ಮುಡಿಯುವವರು ಪೂಜೆಗೆ ಮೊದಲೇ ಒಂದು ತುಂಡು ತೆಗೆದಿಟ್ಟುಕೊಳ್ಳುತ್ತಾರೆ. ಮುಸ್ಲಿಂ ಅಥವಾ ಕ್ರಿಶ್ಚಿಯನ್ ಗೆಳೆಯರ ಮನೆಗಾದರೆ ಹೂವು ಬಿಟ್ಟು ಹಣ್ಣು ಮಾತ್ರ ಒಯ್ದರೆ ಸಾಕು. ಇನ್ನು ಜರಿ ಕಾಗದ ಸುತ್ತಿದ ಬೊಕೆ ಎಲ್ಲಿಗೂ ಬೇಡ. ನಮ್ಮ ಮನೆಗಳಲ್ಲಿ ಹೂದಾನಿ ಇರುವುದು ಶೋಕೇಸಿನ ಒಳಗೆ, ಅದೂ ಪ್ಲಾಸ್ಟಿಕ್ ಹೂವಿನ ಸಮೇತ.

ಸಿಹಿಯ ಬಗ್ಗೆ ಸ್ವಲ್ಪ ಹುಷಾರು ಬೇಕು. ಮೊಟ್ಟೆ ತಿನ್ನದ ಮನೆಗೆ ಕೇಕು, ಕುಕೀಸು ಒಯ್ದರೆ ಅವರು ನಗುತ್ತಲೇ ತೆಗೆದುಕೊಂಡು ಫ್ರಿಜ್ಜಿನ ಮೇಲೆ ಇಡುತ್ತಾರೆ, ಅಲ್ಲಿಂದ ಅದು ಒಳಗೆ ಬರುವುದಿಲ್ಲ. ಪ್ಯಾಕೆಟ್ ಆದರೆ ಗುರುತು ನೋಡಬಹುದು: ಹಸಿರು ಚುಕ್ಕೆ ಅಂದರೆ ಸಸ್ಯಾಹಾರ. ಮೊಟ್ಟೆ ಸೇರಿದ್ದರೆ ಕಂದು ಗುರುತು ಹಾಕಲೇಬೇಕು ಅನ್ನುವುದು ನಿಯಮ. ಬಿಡಿಯಾಗಿ ಮಾರುವ ಬೇಕರಿ ತಿಂಡಿಗೆ ಈ ಸೌಲಭ್ಯ ಇಲ್ಲ, ಬಾಯಿಬಿಟ್ಟು ಕೇಳಬೇಕು. ಅಯ್ಯಂಗಾರ್ ಬೇಕರಿ ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಎಗ್‌ಲೆಸ್ ಅಂತ ನಂಬಿಕೊಳ್ಳಬೇಡಿ. ಎಷ್ಟೋ ಕಡೆ ಅದೇ ಗಾಜಿನ ಪೆಟ್ಟಿಗೆಯಲ್ಲಿ ಎಗ್ ಪಫ್ಸ್ ಕೂತಿರುತ್ತದೆ. ನಮ್ಮ ಹುಡುಗನಿಗೆ ಈ ತಲೆನೋವೇ ಇರಲಿಲ್ಲ. ಅಪ್ಪನಿಗೆ ಶುಗರ್ ಇರುವ ಮನೆಗೆ ಸಿಹಿ ಡಬ್ಬ ಒಯ್ದರೆ ಗಂಡ ಹೆಂಡತಿ ನಡುವೆ ಒಂದು ಜಗಳಕ್ಕೆ ದಾರಿ ಅಷ್ಟೇ.

ಅಕ್ಕ ಕಳಿಸಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಅವನ ಹತ್ತಿರ ಇತ್ತು. ಅದನ್ನೂ ಕೊಡಲಾ ಅಂದ. ಆಸೆ ಒಳ್ಳೆಯದೇ. ಆದರೆ ಮಡಿ ಇರುವ ಕೆಲವು ಮನೆಗಳಲ್ಲಿ ಬೇರೆಯವರ ಮನೆಯಲ್ಲಿ ಮಾಡಿದ ಉಪ್ಪಿನಕಾಯಿ ಬಳಸುವುದಿಲ್ಲ. ಮೊದಲು ಆ ಮನೆ ಹೇಗೆ ನೋಡು, ಎರಡನೇ ಸಲಕ್ಕೆ ಇಟ್ಟುಕೋ ಅಂದೆ.

ಹನ್ನೆರಡೂವರೆಗೆ ಬಾ ಅಂದಿದ್ದರು. ಹೇಳಿದ ಹೊತ್ತಿಗೆ ಐದು ಹತ್ತು ನಿಮಿಷ ಆಚೀಚೆ ಆದರೆ ಪರವಾಗಿಲ್ಲ, ಆದರೆ ಅರ್ಧ ಗಂಟೆ ಮೊದಲೇ ಹೋಗುವುದು ತಡವಾಗಿ ಹೋಗುವುದಕ್ಕಿಂತ ಕಷ್ಟ. ಅದು ಒಗ್ಗರಣೆ, ಹಪ್ಪಳ, ಸ್ನಾನ ಎಲ್ಲ ಒಟ್ಟಿಗೆ ನಡೆಯುವ ಹೊತ್ತು. ಬಾಗಿಲಲ್ಲಿ "ಪರವಾಗಿಲ್ಲ, ಚಪ್ಪಲಿ ಹಾಕ್ಕೊಂಡೇ ಬನ್ನಿ" ಅಂದರೂ ಬಿಟ್ಟೇ ಹೋಗಬೇಕು. ಅದು ಬಾಯಿ ಮಾತು. ಶೂ ಹಾಕುವವರು ಸಾಕ್ಸ್ ಮನೆಯಲ್ಲೇ ಒಮ್ಮೆ ತಿರುಗಿಸಿ ನೋಡಿಕೊಳ್ಳಲಿ.

ಹೊಸ್ತಿಲಲ್ಲಿ ನಿಂತು ಚೀಲ ಚಾಚಬಾರದು. ಹೊಸ್ತಿಲ ಆಚೆ ಈಚೆ ನಿಂತು ಕೊಡುವುದು ತೆಗೆದುಕೊಳ್ಳುವುದು ಹಿರಿಯರಿಗೆ ಹಿಡಿಸುವುದಿಲ್ಲ. ಒಳಗೆ ಬಂದು, ಕೈ ಮುಗಿದು, ಗೆಳೆಯ ಪರಿಚಯ ಹೇಳಿದ ಮೇಲೆ ತಾಯಿಯ ಕೈಗೆ ಎರಡೂ ಕೈಯಲ್ಲಿ ಕೊಡಬೇಕು. "ಆಂಟಿ, ಹಣ್ಣು, ದೇವರಿಗೆ ಹೂವು." ಇಷ್ಟೇ ಸಾಕು. "ಏನೂ ತರೋಕಾಗ್ಲಿಲ್ಲ, ಬೇಜಾರ್ ಮಾಡ್ಕೋಬೇಡಿ" ಅಂತ ರಾಗ ಎಳೆಯುವ ಅಗತ್ಯ ಇಲ್ಲ. "ಅಯ್ಯೋ, ಇದೆಲ್ಲಾ ಯಾಕಪ್ಪಾ ತರೋಕ್ ಹೋದೆ" ಅಂತ ಅವರು ಅಂದೇ ಅನ್ನುತ್ತಾರೆ. ಅದಕ್ಕೆ ಉತ್ತರ ಬೇಕಿಲ್ಲ, ನಕ್ಕರೆ ಸಾಕು. ಅಂಕಲ್, ಆಂಟಿ ಬೆಂಗಳೂರಿನಲ್ಲಿ ಯಾರ ಕಿವಿಗೂ ಕಟುವಾಗುವುದಿಲ್ಲ. ಆದರೆ ಗೆಳೆಯನನ್ನು ಆಫೀಸಿನಲ್ಲಿ ಕರೆಯುವ ಅಡ್ಡಹೆಸರು, "ಮಗಾ", "ಲೋ" ಎಲ್ಲ ಆ ಎರಡು ಮೂರು ಗಂಟೆ ಜೇಬಲ್ಲಿ ಇರಲಿ. ಅವರ ಮುಂದೆ ಅವನ ಪೂರ್ತಿ ಹೆಸರು ಕರೆದರೆ ಮುಗಿಯಿತು. ಅವರು ಅವನನ್ನು "ಪುಟ್ಟ" ಅಂತಲೋ "ಚಿನ್ನು" ಅಂತಲೋ ಕರೆಯುವುದು ನಮ್ಮ ಕಿವಿಗೆ ಬೀಳುತ್ತದೆ. ಅದನ್ನು ಸೋಮವಾರ ಆಫೀಸಿಗೆ ಒಯ್ಯದಿರುವುದು ಮನುಷ್ಯತ್ವ.

ಮೊದಲು ನೀರು ಬರುತ್ತದೆ. ಸ್ಟೀಲ್ ಲೋಟದಲ್ಲಿ ಬಂದರೆ ಮನೆಯ ಯಜಮಾನರು ಹೇಗೆ ಕುಡಿಯುತ್ತಾರೆ ಅಂತ ಒಂದು ಸಲ ನೋಡಿ. ಎತ್ತಿ ಕುಡಿಯುವ ಮನೆಯಾದರೆ ಹಾಗೇ ಕುಡಿಯುವುದು ಒಳ್ಳೆಯದು, ಅಭ್ಯಾಸ ಇಲ್ಲದಿದ್ದರೆ ಶರ್ಟ್ ಒದ್ದೆ ಮಾಡಿಕೊಳ್ಳುವ ಸಾಹಸ ಬೇಡ. ಕಾಫಿ ಕುಡಿಯದವರು ಅದನ್ನು ಬೆರೆಸುವ ಮೊದಲೇ ಹೇಳಬೇಕು. ಡಿಕಾಕ್ಷನ್ ಹಾಕಿ, ನೊರೆ ಬರುವ ಹಾಗೆ ಎತ್ತಿ ಹೊಯ್ದು ತಂದಿಟ್ಟ ಮೇಲೆ "ನಾನು ಕುಡಿಯಲ್ಲ" ಅಂದರೆ ಆ ಲೋಟ ಯಾರಿಗೂ ಬೇಡದ್ದಾಗುತ್ತದೆ.

ಆಮೇಲೆ ಬರುವುದೇ ನಿಜವಾದ ಪರೀಕ್ಷೆ. "ಯಾವೂರಪ್ಪ ನಿಂದು?"

"ಸಾಗರ" ಅಂತ ಹೇಳಿ ಸುಮ್ಮನಾದರೆ ಅಪ್ಪ ಇನ್ನೊಂದು ಪ್ರಶ್ನೆ ಹುಡುಕಬೇಕು. ಹಾಗೆ ನಾಲ್ಕು ಪ್ರಶ್ನೆ ಆದ ಮೇಲೆ ಟಿವಿ ಹಾಕುತ್ತಾರೆ. ಉತ್ತರದಲ್ಲಿ ಹಿಡಿದುಕೊಳ್ಳುವುದಕ್ಕೆ ಒಂದು ತುದಿ ಇರಬೇಕು. ನಮ್ಮವನು ಹೇಳಿದ್ದು ಹೀಗೆ: "ಸಾಗರ ಅಂಕಲ್, ತಾಳಗುಪ್ಪದ ಹತ್ತಿರ. ರೈಲು ಕೊನೆಯಾಗೋದು ನಮ್ಮೂರ ಹತ್ರಾನೇ." ಅಷ್ಟು ಸಾಕಾಯಿತು. ಅಂಕಲ್ ಬ್ಯಾಂಕಿನಲ್ಲಿದ್ದವರು, ಶಿವಮೊಗ್ಗಕ್ಕೆ ವರ್ಗವಾಗಿದ್ದ ಕಾಲದಲ್ಲಿ ಜೋಗ ನೋಡಲು ಹೋಗಿದ್ದು, ಮಂಜಿನಲ್ಲಿ ಏನೂ ಕಾಣದೆ ಸದ್ದು ಮಾತ್ರ ಕೇಳಿಸಿಕೊಂಡು ವಾಪಸ್ ಬಂದಿದ್ದು, ಎಲ್ಲ ಹೊರಗೆ ಬಂತು. ಅಪ್ಪ ಏನು ಮಾಡ್ತಾರೆ, ಎಷ್ಟು ಜನ ಮಕ್ಕಳು, ಪಿಜಿಗೆ ಎಷ್ಟು ಕೊಡ್ತೀಯ, ಊಟ ಹೇಗೆ ಅನ್ನುವುದೂ ಬರುತ್ತದೆ. ಬಾಡಿಗೆ ಕೇಳಿದರು ಅಂತ ಮುಖ ಸಿಂಡರಿಸಬೇಡಿ. ಆ ವಯಸ್ಸಿನವರಿಗೆ ಅದು ಕಾಳಜಿಯ ಪ್ರಶ್ನೆ. "ಜಾಸ್ತಿ ಆಯ್ತು, ಮೋಸ ಮಾಡ್ತಿದಾರೆ ನಿಂಗೆ" ಅಂತ ಹೇಳುವ ಅವಕಾಶ ಅವರಿಗೂ ಸಿಗಲಿ.

ಒಂದು ಪ್ರಶ್ನೆ ಮಾತ್ರ ನನಗೆ ಇವತ್ತಿಗೂ ಹಿಡಿಸುವುದಿಲ್ಲ. "ನಿಮ್ಮ ಮನೆದೇವರು ಯಾವುದು?" ಅಂತ ಸುತ್ತು ಹಾಕಿ ಜಾತಿ ಕೇಳುವುದು. ಕೆಲವರು ಸುತ್ತೂ ಹಾಕುವುದಿಲ್ಲ, "ನೀವು ಏನು ಜನ?" ಅಂತ ನೇರವಾಗಿ ಕೇಳುತ್ತಾರೆ. ಹೇಳುವುದಕ್ಕೆ ಮನಸ್ಸಿದ್ದರೆ ಹೇಳಬಹುದು. ಇಲ್ಲದಿದ್ದರೆ "ನಮ್ಮೂರಲ್ಲಿ ಮಾರಿಕಾಂಬೆ ಜಾತ್ರೆ ಜೋರು ಅಂಕಲ್, ಎಲ್ಲರೂ ಹೋಗ್ತೀವಿ" ಅಂತ ಊರಿನ ಕಡೆಗೆ ಮಾತು ಹೊರಳಿಸಬಹುದು. ಸಾಗರದ ಮಾರಿಕಾಂಬೆ ಜಾತ್ರೆ ದೊಡ್ಡದು, ಮಾತು ಅಲ್ಲೇ ಬೆಳೆಯುತ್ತದೆ. ಮತ್ತೂ ಪಟ್ಟು ಹಿಡಿದರೆ ತಡೆಯಬೇಕಾದವನು ಗೆಳೆಯ. "ಅಪ್ಪಾ, ಸಾಕು" ಅನ್ನುವ ಕೆಲಸ ಮನೆಗೆ ಕರೆದವನದ್ದು, ಬಂದವನದ್ದಲ್ಲ. ಅಡುಗೆಮನೆಗೂ ಇದೇ ಮಾತು ಸ್ವಲ್ಪ ಅನ್ವಯಿಸುತ್ತದೆ. ಸಹಾಯ ಮಾಡುವ ಉತ್ಸಾಹದಲ್ಲಿ ನೇರ ಒಳಗೆ ನುಗ್ಗಬೇಡಿ. ಬಾಗಿಲ ಹತ್ತಿರ ನಿಂತು "ಏನಾದ್ರೂ ತಂದಿಡ್ಲಾ ಆಂಟಿ?" ಅಂತ ಕೇಳಿ. ಮಡಿ ಇರುವವರು "ಕೂತ್ಕೋಪ್ಪ" ಅನ್ನುತ್ತಾರೆ, ಇಲ್ಲದವರು ನೀರಿನ ಜಗ್ ಕೈಗೆ ಕೊಡುತ್ತಾರೆ.

ನಾವು ಏನು ಕೇಳಬೇಕು? ಬೆಂಗಳೂರಿನ ಹಳೆಯ ಮನೆಗಳಲ್ಲಿ ಸೋಲದ ಒಂದು ಪ್ರಶ್ನೆ ಇದೆ. "ಈ ಮನೆಗೆ ಬಂದು ಎಷ್ಟು ವರ್ಷ ಆಯ್ತು ಅಂಕಲ್?" ಸೈಟು ಸಿಕ್ಕಿದ್ದು, ಸಾಲ ಮಾಡಿದ್ದು, ಕಾವೇರಿ ನೀರು ಬಂದಿದ್ದು, ಆಗ ಇಲ್ಲಿ ರಾತ್ರಿ ನರಿ ಕೂಗುತ್ತಿದ್ದದ್ದು. ಬಿಎಂಟಿಸಿ ಆಗುವ ಮೊದಲಿನ ಬಿಟಿಎಸ್ ಬಸ್ಸು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗ ಹಿಂದೆ ಧರ್ಮಾಂಬುಧಿ ಕೆರೆ ಅಂತ ಅವರು ಹೇಳಿದಾಗ, ಗೊತ್ತಿದ್ದರೂ ಅವರ ಬಾಯಲ್ಲಿ ಕೇಳಿಸಿಕೊಳ್ಳಬಹುದು. ಅಂಕಲ್ ಮಾತಿಗೆ ಆಂಟಿ ಒಳಗಿನಿಂದಲೇ ತಿದ್ದುಪಡಿ ಹಾಕುತ್ತಾರೆ. "ಸಾಲ ತೀರಿದ್ದು ಆಗಲ್ಲ, ಇವನು ಹೈಸ್ಕೂಲಲ್ಲಿದ್ದಾಗ." ಇಬ್ಬರೂ ಹೀಗೆ ಮಾತಿಗೆ ಬಿದ್ದರು ಅಂದರೆ ಬಂದವನು ಹಾಯಾಗಿ ಕೂರಬಹುದು.

ಊಟಕ್ಕೆ ಕೂತಾಗ ಲೆಕ್ಕ ತಪ್ಪುವುದು ಅನ್ನದಲ್ಲಿ. ಮೊದಲ ಅನ್ನ ತೊವ್ವೆ ತುಪ್ಪಕ್ಕೆ, ಆಮೇಲೆ ಹುಳಿಗೆ, ಸಾರಿಗೆ, ಕೊನೆಗೆ ಮೊಸರಿಗೆ. ಪ್ರತಿ ಸುತ್ತಿಗೂ ಅನ್ನ ಬಂದೇ ಬರುತ್ತದೆ. ಮೊದಲ ಸುತ್ತಿನಲ್ಲೇ ಹೊಟ್ಟೆ ತುಂಬಿಸಿಕೊಂಡವನು ಮೊಸರಿನ ಹೊತ್ತಿಗೆ ಒದ್ದಾಡುತ್ತಾನೆ, ಎಲೆಯಲ್ಲಿ ಬಿಟ್ಟರೆ ಆಂಟಿ "ರುಚಿ ಆಗಿಲ್ವೇನೋ" ಅಂದುಕೊಳ್ಳುತ್ತಾರೆ. ಅದಕ್ಕೆ ಪ್ರತಿ ಸಲ ಒಂದು ಕೈಹಿಡಿಯಷ್ಟೇ ಹಾಕಿಸಿಕೊಳ್ಳಬೇಕು. ಸಾಕು ಅಂತ ಬಾಯಲ್ಲಿ ಹೇಳಿದರೆ ಉಪಚಾರದ ಮಾತು ಅಂತ ಇನ್ನೊಂದು ಸೌಟು ಬೀಳುತ್ತದೆ, ಎಲೆಯ ಮೇಲೆ ಅಡ್ಡ ಕೈ ಹಿಡಿದರೆ ಮಾತ್ರ ನಿಲ್ಲಿಸುತ್ತಾರೆ. "ಮೊಸರಿಗೆ ಜಾಗ ಬಿಟ್ಕೊಂಡಿದೀನಿ ಆಂಟಿ" ಅಂದರೆ ಯಾರಿಗೂ ಬೇಜಾರಿಲ್ಲ.

"ಊಟ ಸೂಪರ್" ಅನ್ನುವುದು ಹೋಟೆಲಿನಲ್ಲಿ ಹೇಳುವ ಮಾತು. ಒಂದು ಪದಾರ್ಥದ ಹೆಸರು ಹಿಡಿದು ಕೇಳಿ. "ಸಾರಿನ ಪುಡಿ ಮನೇಲೇ ಮಾಡಿದ್ದಾ ಆಂಟಿ?" ಅಂತ ನಮ್ಮವನು ಕೇಳಿದ್ದಕ್ಕೆ ಪೂರ್ತಿ ಪಾಠ ಆಯಿತಂತೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಧನಿಯ, ಜೀರಿಗೆ, ಮೆಣಸು, ಮೆಂತ್ಯ ಎಲ್ಲ ಬೇರೆ ಬೇರೆ ಹುರಿಯಬೇಕು. ಮೆಂತ್ಯ ಒಂದು ಚೂರು ಸೀದರೂ ಇಡೀ ಪುಡಿ ಕಹಿ.

ಊಟ ಮುಗಿದ ತಕ್ಷಣ ಎದ್ದು ಹೊರಡಬಾರದು, ಹಾಗಂತ ಬೇರೂರಲೂಬಾರದು. ಆ ವಯಸ್ಸಿನವರು ಮಧ್ಯಾಹ್ನ ಒಂದು ಗಳಿಗೆ ಕಾಲು ಚಾಚುತ್ತಾರೆ. ಅಂಕಲ್ ಕುರ್ಚಿಯಲ್ಲೇ ಕಣ್ಣು ಮುಚ್ಚಲು ಶುರು ಮಾಡಿದರೆ ಗೆಳೆಯನ ರೂಮಿಗೆ ಹೋಗಬೇಕು, ಇಲ್ಲ ಹೊರಡಬೇಕು. ಭಾನುವಾರ ಇನ್ನೊಂದು ತೊಡಕಿದೆ. ಸಂಜೆ 4:30ರಿಂದ 6ರವರೆಗೆ ರಾಹುಕಾಲ. ಅದನ್ನು ನೋಡುವ ಮನೆಯಲ್ಲಿ ಐದು ಗಂಟೆಗೆ ಬ್ಯಾಗ್ ಎತ್ತಿಕೊಂಡರೆ "ಮುಗಿಸ್ಕೊಂಡು ಹೋಗಪ್ಪ" ಅಂತ ಕೂರಿಸುತ್ತಾರೆ. ಬೇಗ ಹೋಗಬೇಕಾದವರು ನಾಲ್ಕರ ಕಾಫಿ ಕುಡಿದು ಏಳುವುದು ಲೇಸು. ಹೊರಡುವಾಗ "ಬರ್ತೀನಿ ಆಂಟಿ" ಅನ್ನಬೇಕು, "ಹೋಗ್ತೀನಿ" ಬೇಡ. ಹುಡುಗಿಯಾದರೆ ಅರಿಶಿನ ಕುಂಕುಮ, ತಾಂಬೂಲ ಕೊಡುತ್ತಾರೆ. ಎಲೆ ಅಡಿಕೆ, ಹಣ್ಣು, ಒಮ್ಮೊಮ್ಮೆ ತೆಂಗಿನಕಾಯಿ. ಅದನ್ನು ಸೆರಗಿನಲ್ಲಿ, ದುಪಟ್ಟಾ ತುದಿಯಲ್ಲಿ, ಇಲ್ಲ ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು, "ಬೇಡ" ಅನ್ನುವಂತಿಲ್ಲ. ಕಾಲು ಮುಟ್ಟಿ ನಮಸ್ಕಾರ ಮಾಡುವುದಿದ್ದರೆ ಆಗ ಮಾಡಬಹುದು, ಅಭ್ಯಾಸ ಇದ್ದರೆ ಮಾತ್ರ. ನಾಟಕ ಮಾಡಿದರೆ ಗೊತ್ತಾಗುತ್ತದೆ.

ನಮ್ಮವನು ಕಾಫಿ ಮುಗಿಸಿ 4:15ಕ್ಕೆ ಹೊರಟ. ಕೈಯಲ್ಲಿ ಒಂದು ಸ್ಟೀಲ್ ಡಬ್ಬ, ತುಂಬಾ ಸಾರಿನ ಪುಡಿ. ಪಿಜಿಯಲ್ಲಿ ಅವನು ಅದನ್ನು ಏನು ಮಾಡುತ್ತಾನೆ? ಸೀದಾ ನನ್ನ ಮನೆಗೆ ತಂದ. ಪುಡಿ ನನ್ನ ಡಬ್ಬಕ್ಕೆ ಸುರಿದುಕೊಂಡು, ಅವರ ಡಬ್ಬ ತೊಳೆದು ಒರೆಸಿ ಕೊಟ್ಟೆ. ಖಾಲಿ ಡಬ್ಬ ವಾಪಸ್ ಕೊಡಬಾರದಲ್ಲ, ಏನು ಹಾಕಲಿ ಅಂದ. ಉಪ್ಪಿನಕಾಯಿ ಬಗ್ಗೆ ಮೊದಲು ಗೆಳೆಯನನ್ನು ಕೇಳು ಅಂದೆ. "ಕೇಳಿದೀನಿ ಚಿಕ್ಕಮ್ಮ, ಅವರ ಮನೇಲಿ ನಡೆಯುತ್ತಂತೆ. ಅಂಕಲ್‌ಗೆ ಬಿ.ಪಿ. ಇದೆಯಂತೆ, ಸ್ವಲ್ಪವೇ ಹಾಕು."